ಮೂರನೆಯ ಚಿತ್ರದ ಮರಗಳು ನನ್ನವಲ್ಲ

ನನ್ನ ತಂಗಿಯ ಮಗಳು ಕೆಲಸದ ಅರ್ಜಿಗೆಂದು ಬರೆದಿದ್ದ ಕವರ್ ಲೆಟರಿನ ಮೊದಲ ವಾಕ್ಯವು, ಆಟಗಳೊಳಗಿನ ಲೋಕಗಳನ್ನು ಕಟ್ಟಬೇಕೆಂದು ತಾನು ಬಾಲ್ಯದಿಂದಲೂ ಕನಸು ಕಂಡವಳು ಎಂದು ಸಾರುತ್ತಿತ್ತು. ವಾಕ್ಯ ಇಂಗ್ಲಿಷಿನಲ್ಲಿತ್ತು, ಆದರೆ ಸುಳ್ಳು ಯಾವ ಭಾಷೆಯಲ್ಲಿದ್ದರೂ ಸುಳ್ಳೇ. ಆಕೆಯ ಬಾಲ್ಯವನ್ನು ನಾನು ಹತ್ತಿರದಿಂದ ಕಂಡವನು. ಒಂಬತ್ತನೆಯ ವಯಸ್ಸಿನಲ್ಲಿ ಆಕೆಗಿದ್ದ ಕನಸು ಒಂದೇ: ಹಡಗಲಿ ಬಸ್ಸಿನ ಕಂಡಕ್ಟರ್ ಆಗುವುದು. ಅದಕ್ಕಾಗಿ ನನ್ನ ಅಂಗಡಿಯ ಹಳೆಯ ರಸೀದಿ ಪುಸ್ತಕವೊಂದನ್ನು ಪೂರ್ತಿ ಹರಿದು, ಮನೆಗೆ ಬಂದವರಿಗೆಲ್ಲ ಟಿಕೆಟ್ ಕೊಟ್ಟಿದ್ದಳು.

"ಇದನ್ನ ತಗಿ," ಎಂದೆ.

"ಮಾಮಾ, ಎಲ್ಲಾರೂ ಹಿಂಗ ಬರೀತಾರ. ಮಾದರಿ ಪತ್ರದಾಗೂ ಹಿಂಗ ಐತಿ."

"ಎಲ್ಲಾರೂ ಬರದ್ರಂದ್ರ ಅದನ್ನ ಓದಿ ಓದಿ ಅವರಿಗೆ ಸಾಕಾಗಿರ್ತತಿ. ಕಂಡಕ್ಟರ್ ಆಗಬೇಕಂತ ಇದ್ದೆ ಅಂತ ಬೇಕಾದ್ರ ಬರಿ, ಸಾಕ್ಷಿ ನಾನು ಹೇಳ್ತೀನಿ."

ಆಕೆ ನನ್ನ ಬಳಿ ಪತ್ರ ತಂದದ್ದಕ್ಕೆ ಕಾರಣವಿದೆ. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಹಗರಿಬೊಮ್ಮನಹಳ್ಳಿಯಲ್ಲಿ ಪಂಪ್‌ಸೆಟ್ ದುರಸ್ತಿಯ ಅಂಗಡಿಯಿಟ್ಟು, ಮೋಟರುಗಳ ಜೊತೆ ಬರುತ್ತಿದ್ದ ಪುಸ್ತಿಕೆಗಳನ್ನು ನಿಘಂಟಿನ ನೆರವಿನಿಂದ ಬಿಡಿಸಿಕೊಳ್ಳುತ್ತ ಇಂಗ್ಲಿಷ್ ಕಲಿತವನು. ನನಗೆ ಆ ಭಾಷೆಯಲ್ಲಿ ಸೊಗಸಾಗಿ ಮಾತನಾಡಲು ಬಾರದು. ಆದರೆ ವಾಕ್ಯವೊಂದು ಸಡಿಲವಾಗಿದ್ದರೆ ಬೇರಿಂಗ್ ಸಡಿಲವಾದಷ್ಟೇ ಸ್ಪಷ್ಟವಾಗಿ ಕೇಳಿಸುತ್ತದೆ. ಆ ಪುಸ್ತಿಕೆಗಳು ನಟ್ಟನ್ನು ಬಿಗಿಮಾಡು ಎನ್ನುತ್ತಿದ್ದವೇ ಹೊರತು, ಉತ್ಕಟವಾದ ಪ್ರೀತಿಯಿಂದ ಬಿಗಿಮಾಡು ಎಂದು ಒಮ್ಮೆಯೂ ಹೇಳಿದ್ದಿಲ್ಲ. ಸೋದರಸೊಸೆಯ ಪತ್ರದಲ್ಲಿ ಉತ್ಕಟ ಪ್ರೀತಿ ನಾಲ್ಕು ಕಡೆ ಇತ್ತು.

ಆಕೆಗೆ ಆಗ ಇಪ್ಪತ್ತೇಳು. ಬಸ್ ನಿಲ್ದಾಣದ ಹತ್ತಿರದ ಫ್ಲೆಕ್ಸ್ ಅಂಗಡಿಯೊಂದರಲ್ಲಿ ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿಗಳ ಬ್ಯಾನರುಗಳನ್ನು ಮಾಡಿಕೊಡುತ್ತಿದ್ದಳು. ಒಳಕೋಣೆಯ ಯಂತ್ರ ಇಪ್ಪತ್ತಡಿಯ ಬ್ಯಾನರನ್ನು ಆಮೆಯ ನಡಿಗೆಯಲ್ಲಿ ಅಚ್ಚುಹಾಕುತ್ತಿದ್ದಾಗ ವಿನ್ಯಾಸದ ಕಂಪ್ಯೂಟರು ಬಿಡುವಾಗಿರುತ್ತಿತ್ತು. ಆ ಬಿಡುವುಗಳಲ್ಲಿ, ಮಾಲೀಕನ ಒಪ್ಪಿಗೆ ಪಡೆದು, ಯಾವ ಗುರುವೂ ಇಲ್ಲದೆ ಈ ಇನ್ನೊಂದು ಕಲೆಯನ್ನು ಕಲಿತಿದ್ದಳು. ಕಂಪ್ಯೂಟರ್ ಆಟದಲ್ಲಿ ಓಡುವ, ಹೊಡೆಯುವ ನಾಯಕನನ್ನು ಮಾಡುವವರು ಬೇರೆಯಂತೆ. ಅವನು ಓಡುವ ಓಣಿ, ಹಾರುವ ಗೋಡೆ, ಅಡಗಿಕೊಳ್ಳುವ ಗುಡಿಸಲು, ಇವುಗಳನ್ನು ಮಾಡುವವರನ್ನು ಎನ್ವಿರಾನ್‌ಮೆಂಟ್ ಆರ್ಟಿಸ್ಟ್ ಎನ್ನುತ್ತಾರಂತೆ. ಹೊರರಾಜ್ಯದ ಒಂದು ಗೇಮ್ ಸ್ಟುಡಿಯೋ ಅಂಥ ಹೊಸಬರೊಬ್ಬರನ್ನು ಹುಡುಕುತ್ತಿತ್ತು. ಅರ್ಜಿಗೆ ಶುಕ್ರವಾರ ಸಂಜೆಯೇ ಕೊನೆ. ಆಕೆ ಪತ್ರ ತಂದದ್ದು ಮಂಗಳವಾರ.

ಇದೇ ಸ್ಟುಡಿಯೋಗೆ ನಾಲ್ಕು ತಿಂಗಳ ಹಿಂದೆಯೂ ಆಕೆ ಅರ್ಜಿ ಹಾಕಿದ್ದಳು. 'ಈ ಸಲ ಮುಂದುವರಿಯಲು ಆಗುತ್ತಿಲ್ಲ' ಎಂಬ ಒಂದು ಸಾಲಿನ ಉತ್ತರ ಬಂದಿತ್ತು.

"ಮೂರನೇ ಸಲ ಕೇಳಾಕ ಮಾರಿ ಇರಂಗಿಲ್ಲ ಮಾಮಾ," ಎಂದಳು. "ಈ ಸಲ ಆಗಲಿಲ್ಲಂದ್ರ ಇದನ್ನ ಬಿಟ್ಟುಬಿಡ್ತೀನಿ."

ಒಗ್ಗರಣೆ ಮಂಡಕ್ಕಿಯ ತಟ್ಟೆ ಹಿಡಿದು ಬಂದ ನನ್ನ ತಂಗಿ, "ಅವರಿಗೆ ನಮ್ಮಂಥೋರು ಕಾಣಂಗಿಲ್ಲ ಬಿಡು. ಪರಿಚಯ ಬೇಕು, ಶಿಫಾರಸು ಬೇಕು," ಎಂದು ತೀರ್ಪು ಕೊಟ್ಟಳು. ಈ ಮಾತನ್ನು ನಮ್ಮ ಸುತ್ತಲಿನ ತಾಲೂಕುಗಳಲ್ಲಿ ಎಲ್ಲರೂ ಹೇಳುತ್ತಾರೆ. ಎಲ್ಲರೂ ಹೇಳುವ ಮಾತನ್ನು ಪರೀಕ್ಷಿಸದೆ ಒಪ್ಪಿಕೊಳ್ಳುವ ಅಭ್ಯಾಸ ನನಗಿಲ್ಲ. ಮೋಟರು ತಿರುಗದಿದ್ದರೆ ಕರೆಂಟು ಸರಿಯಿಲ್ಲ ಎಂದು ಹಳ್ಳಿಯವರೆಲ್ಲ ಹೇಳುತ್ತಿದ್ದರು. ಬಿಚ್ಚಿ ನೋಡಿದರೆ ಎಷ್ಟೋ ಸಲ ಒಳಗೆ ಓತಿಕ್ಯಾತ ಇರುತ್ತಿತ್ತು.

ಆದ್ದರಿಂದ ಪತ್ರವನ್ನು ಬಿಚ್ಚತೊಡಗಿದೆ. ತಂಡದಲ್ಲಿ ಬೆರೆತು ದುಡಿಯುವುದರಲ್ಲಿ ತಾನು ನಿಪುಣೆ ಎಂದಿತ್ತು. ಯಾವ ತಂಡ ಎಂದು ಕೇಳಿದೆ. ಅಂಗಡಿಯಲ್ಲಿ ಇದ್ದವರು ಆಕೆ ಮತ್ತು ಮಾಲೀಕ ಇಬ್ಬರೇ. ಆ ವಾಕ್ಯ ಹೋಯಿತು. ಸವಾಲುಗಳನ್ನು ಪ್ರೀತಿಸುತ್ತೇನೆ ಎಂದಿತ್ತು.

"ಪ್ರೀತಿಸ್ತಾಳಂತ!" ಎಂದು ತಂಗಿ ನಕ್ಕಳು. "ಮೊನ್ನಿ ಗ್ಯಾಸ್ ಸಿಲಿಂಡರ್ ಬದಲಿ ಮಾಡು ಅಂದ್ರ ಪಕ್ಕದ ಮನಿಯಾಕಿನ್ನ ಕರಕೊಂಡು ಬಂದ್ಲು."

"ಯವ್ವಾ, ನೀ ಸುಮ್ಮನಿರು!"

ಆ ವಾಕ್ಯವೂ ಹೋಯಿತು. ಎರಡು ಪುಟದ ಪತ್ರ ಅರ್ಧ ಗಂಟೆಯಲ್ಲಿ ಆರು ಸಾಲಿಗೆ ಇಳಿಯಿತು. ಉಳಿದದ್ದು ಹುದ್ದೆಯ ಹೆಸರು, ಆಕೆಯ ಹೆಸರು, ಚಿತ್ರಗಳಿರುವ ಜಾಲತಾಣದ ಕೊಂಡಿ, ಮತ್ತು ಆ ಚಿತ್ರಗಳ ಕುರಿತ ಎರಡು ಮಾತು.

"ಎಲ್ಲಾ ತಗದ್ರ ನಾನು ಎಲ್ಲಿ ಉಳದೆ ಮಾಮಾ?"

"ಚಿತ್ರದಾಗ ಉಳದಿರ್ತೀ. ತೋರ್ಸು ಅವನ್ನ."

ಲ್ಯಾಪ್‌ಟಾಪಿನಲ್ಲಿ ನಾಲ್ಕು ದೃಶ್ಯಗಳನ್ನು ತೋರಿಸಿದಳು: ನಮ್ಮ ಊರ ಬಾವಿ, ಹಿಟ್ಟಿನ ಗಿರಣಿ, ಮರಗಳ ನೆರಳಿನಲ್ಲೊಂದು ಕುರಿಹಟ್ಟಿ, ಸಣ್ಣ ರೈಲು ನಿಲ್ದಾಣ. ಅವು ಚಿತ್ರಗಳಲ್ಲ, ಒಳಗೆ ತಿರುಗಾಡಬಹುದಾದ ಜಾಗಗಳು ಎಂಬುದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಆಕೆ ಮೌಸನ್ನು ಸರಿಸಿದಂತೆ ನಾವು ಗಿರಣಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದೆವು. ಆದರೆ ಗಿರಣಿಯ ಬಾಗಿಲು ಸೊಟ್ಟಗಿತ್ತು, ಹಿಟ್ಟು ಬೀಳುವ ಬಾಯಿ ಆನೆಯ ಸೊಂಡಿಲಿನಷ್ಟು ದಪ್ಪವಿತ್ತು. ತಪ್ಪು ಎಂದೆ. ತಪ್ಪಲ್ಲ, ಬೇಕೆಂದೇ ಹಾಗೆ ಮಾಡಿದ್ದು ಎಂದಳು. ಇದ್ದದ್ದನ್ನು ಇದ್ದಂತೆ ಇಡದೆ, ಮುಖ್ಯವಾದುದನ್ನು ಹಿಗ್ಗಿಸಿ, ಅಮುಖ್ಯವಾದುದನ್ನು ಬಿಟ್ಟು, ದೂರದಿಂದಲೇ ಗುರುತು ಸಿಗುವಂತೆ ಆಕಾರ ಕೊಡುವ ಈ ಬಗೆಗೆ ಸ್ಟೈಲೈಸ್ಡ್ ಎನ್ನುತ್ತಾರಂತೆ. ಸ್ಟುಡಿಯೋದ ಆಟಗಳೂ ಅದೇ ಬಗೆಯವಂತೆ.

"ಹಂಗಾದ್ರ ಏನ್ ಮಾಡಿದ್ರೂ ಸರಿ ಅಂತೀಯಲ್ಲ?"

"ಇಲ್ಲ ಮಾಮಾ. ಬಾಗಲ ಸೊಟ್ಟ ಇರಬೋದು, ಆದ್ರ ಅದು ಬಾಗಲದಂಗ ತೆರೀಬೇಕು."

ಈ ಉತ್ತರ ನನಗೆ ಹಿಡಿಸಿತು. ಆದರೆ ಬಾವಿಯ ಮುಂದೆ ನಿಂತಾಗ ನನ್ನ ಕಣ್ಣು ಕಟ್ಟೆಗೆ ಅಂಟಿಕೊಂಡಿತು. ಬಾಯಿಯ ಸುತ್ತ ಹನ್ನೆರಡು ಕಲ್ಲುಗಳು. ಹನ್ನೆರಡರ ಮೇಲೂ ಹಗ್ಗ ಉಜ್ಜಿ ಸವೆಸಿದ ಗೆರೆ. ಎಲ್ಲ ಗೆರೆಗಳೂ ಒಂದೇ ಜಾಗದಲ್ಲಿ, ಒಂದೇ ಆಳದಲ್ಲಿ.

"ಈ ಊರಾಗ ಹನ್ನೆರಡು ಮಂದಿ ಗಡಿಯಾರದ ಅಂಕಿಯಂಗ ನಿಂತು ನೀರು ಸೇದ್ತಿದ್ರೇನು?"

ಆಕೆ ಪರದೆಯ ಹತ್ತಿರ ಮುಖ ಒಯ್ದಳು. ಕಲ್ಲನ್ನು ಒಂದೇ ಸಲ ಮಾಡಿ, ಅದನ್ನೇ ಹನ್ನೆರಡು ಸಲ ತಿರುಗಿಸಿ ಇಟ್ಟಿದ್ದಳಂತೆ. ಆಟ ಭಾರವಾಗದಿರಲೆಂದು ಎಲ್ಲರೂ ಹಾಗೆಯೇ ಮಾಡುತ್ತಾರಂತೆ. ಆದರೆ ಮಾಡಿದ್ದು ಕಣ್ಣಿಗೆ ಬೀಳಬಾರದಂತೆ. "ಬಿತ್ತಲ್ಲ," ಎಂದು ಸಪ್ಪಗಾದಳು.

ಗೆರೆ ಇರಬೇಕಾದ್ದು ಒಂದೇ ಕಡೆ, ರಾಟೆಯ ಕೆಳಗೆ, ಎಂದು ನಾನು ಖಚಿತವಾಗಿ ಹೇಳಿದೆ. ಆ ಬಾವಿಯ ನೀರು ಕುಡಿದು ಬೆಳೆದವನು ನಾನು. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಆಕೆಗೆ ಇತ್ತು. ಮರುದಿನ ಬೆಳಿಗ್ಗೆ ಇಬ್ಬರೂ ಇಟ್ಟಿಗಿ ಕಡೆಯ ಬಸ್ಸು ಹಿಡಿದು ನಾನು ಬೆಳೆದ ನಮ್ಮೂರಿಗೆ ಹೋದೆವು. ಬಾವಿಗೆ ಈಗ ಕಬ್ಬಿಣದ ಜಾಲರಿ ಮುಚ್ಚಿದ್ದರೂ ಕಟ್ಟೆ ಹಾಗೆಯೇ ಇತ್ತು. ರಾಟೆಯ ಕಂಬಗಳ ನಡುವೆ ಕಲ್ಲು ಹೊಸದರಂತೆ ನುಣ್ಣಗಿತ್ತು, ಒಂದು ಗೆರೆಯೂ ಇರಲಿಲ್ಲ. ರಾಟೆಯ ಮೇಲಿನ ಹಗ್ಗ ಕಲ್ಲನ್ನು ಮುಟ್ಟುವುದೇ ಇಲ್ಲವಲ್ಲ! ಗೆರೆಗಳಿದ್ದುದು ರಾಟೆ ಸಿಗದವರು ಕೈಯಿಂದಲೇ ಸೇದುತ್ತಿದ್ದ ಎರಡು ಪಕ್ಕಗಳಲ್ಲಿ. ಒಂದು ಕಡೆ ಬೆರಳು ಮುಳುಗುವಷ್ಟು ಆಳ, ಇನ್ನೊಂದು ಕಡೆ ತೆಳುವಾಗಿ.

ಜೀವನವಿಡೀ ರಾಟೆ, ಬೆಲ್ಟು, ಹಗ್ಗಗಳ ನಡುವೆ ಇದ್ದವನು ಇದನ್ನು ತಿಳಿಯದೆ ಹೋದೆನೆಂಬುದಕ್ಕಿಂತ, ಲೋಕದ ಮಾತನ್ನೆಲ್ಲ ಅನುಮಾನಿಸಿದವನು ನನ್ನ ನೆನಪನ್ನೊಂದು ಮಾತ್ರ ಪರೀಕ್ಷಿಸದೆ ಬಿಟ್ಟಿದ್ದೆನೆಂಬುದು ನನಗೆ ಹೆಚ್ಚು ನಾಚಿಕೆ ತಂದಿತು.

"ಮಾಮಾ, ಏನರ ಅಂದ್ರಿ?" ಎಂದಳು, ಮೊಬೈಲಿನಲ್ಲಿ ಕಲ್ಲುಗಳ ಫೋಟೋ ತೆಗೆಯುತ್ತ.

"ಏನೂ ಅನ್ನಲಿಲ್ಲ. ಫೋಟೋ ತಕ್ಕೋ."

ಕಟ್ಟೆಯ ಮೇಲೆ ಕುಳಿತಿದ್ದ ಮುದುಕನೊಬ್ಬ, ಈ ಬಾವಿ ಪಾಳೆಯಗಾರರು ತೋಡಿಸಿದ್ದು, ಸಾವಿರ ವರ್ಷದ್ದು, ಎಂದು ವಿವರಿಸತೊಡಗಿದ. ಪತ್ರದಲ್ಲೂ ಈ ಸಾವಿರ ವರ್ಷ ಇತ್ತು. ನಮ್ಮ ಅಜ್ಜನೇ ಇದರ ಮಣ್ಣು ಹೊತ್ತವನೆಂದು ನಾನು ಹೇಳಿದ್ದಕ್ಕೆ ಆ ಮುದುಕ, "ಹಂಗಾದ್ರ ನಿಮ್ಮಜ್ಜಗ ಸಾವಿರ ವರ್ಷ," ಎಂದುಬಿಟ್ಟ. ಸೊಸೆ ನಗುತ್ತಲೇ ಆ ಸಾವಿರ ವರ್ಷವನ್ನು ಪತ್ರದಿಂದ ತೆಗೆದಳು. ಸಂಜೆಯೊಳಗೆ ಕಲ್ಲಿನ ಇನ್ನೆರಡು ರೂಪಗಳನ್ನು ಮಾಡಿ, ಸವೆದವನ್ನು ಸವೆದಲ್ಲಿ, ಉಳಿದವನ್ನು ಗೆರೆಯಿಲ್ಲದಂತೆ ಇಟ್ಟಳು. ಬಾವಿಗೆ ಒಮ್ಮೆಲೇ ಜನ ಬಂದು ಹೋದ ಕಳೆ ಬಂತು.

ಗುರುವಾರ ಮೂರನೆಯ ದೃಶ್ಯದ ಸರದಿ. ಕುರಿಹಟ್ಟಿ ಸೊಗಸಾಗಿತ್ತು, ಮುಳ್ಳಿನ ಬೇಲಿ, ಮಡಿಚಿಟ್ಟ ಕಂಬಳಿ, ನೀರಿನ ದೋಣಿ. ಆದರೆ ಅದರ ಸುತ್ತ ಇದ್ದ ನಾಲ್ಕು ದುಂಡು ಮರಗಳು ನನಗೆ ಅರ್ಥವಾಗಲಿಲ್ಲ.

"ಇದು ಯಾವ ಗಿಡ?"

"ಗೊತ್ತಿಲ್ಲ ಮಾಮಾ. ಅವು ನಾನು ಮಾಡಿದ್ದಲ್ಲ. ಯಾರೋ ಮಾಡಿ, ಬೇಕಾದೋರು ಬಳಸ್ರಿ ಅಂತ ಪುಕ್ಕಟೆ ಬಿಟ್ಟಾರ. ಬಳಸಿದ್ರ ತಪ್ಪಿಲ್ಲ."

"ತಪ್ಪಿಲ್ಲ ಸರಿ. ನಿನ್ನವಲ್ಲ ಅಂತ ಎಲ್ಲಿ ಬರದೀ?"

ಎಲ್ಲಿಯೂ ಬರೆದಿರಲಿಲ್ಲ. ಬದಲಿಗೆ ಪತ್ರದ ನಾಲ್ಕನೆಯ ಸಾಲು, ಎಲ್ಲ ದೃಶ್ಯಗಳ ಎಲ್ಲವನ್ನೂ ತಾನೇ ಮಾಡಿದ್ದಾಗಿ ಹೇಳುತ್ತಿತ್ತು. ಫ್ಲೆಕ್ಸ್ ಅಂಗಡಿಯಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲವೆಂದು ಅವಳು ವಿವರಿಸಿದಳು. ಬ್ಯಾನರಿನ ಹಿಂದಿನ ಸೂರ್ಯೋದಯ, ಹೂಮಾಲೆ, ಹುಲಿ, ಸಿಂಹ ಎಲ್ಲವೂ ಎಲ್ಲಿಂದಲೋ ಇಳಿಸಿಕೊಂಡವು. ನಡುವೆ ಗಿರಾಕಿಯ ಮುಖ ಕೂಡಿಸಿದರೆ ಅದು ಅಂಗಡಿಯ ಡಿಸೈನ್ ಆಗುತ್ತದೆ. ಹುಲಿ ಯಾರದ್ದೆಂದು ಇದುವರೆಗೆ ಒಬ್ಬರೂ ಕೇಳಿಲ್ಲ.

'ಮೂರನೆಯ ಚಿತ್ರದ ಮರಗಳು ನನ್ನವಲ್ಲ' ಎಂಬ ಸಾಲನ್ನು ಸೇರಿಸಲು ಹೇಳಿದೆ. ತಂಗಿ ಸೌಟು ಹಿಡಿದೇ ಹೊರಗೆ ಬಂದಳು.

"ಅಣ್ಣಾ, ನಿನಗ ಬುದ್ಧಿ ಐತೇನು? ಅರ್ಜಿಯಾಗ ಯಾರರ ತಮ್ಮ ಮ್ಯಾಲೆ ತಾವ ಚಾಡಿ ಬರೀತಾರೇನು? ಕನ್ಯಾ ನೋಡಾಕ ಬಂದಾಗ 'ಈ ಸೀರಿ ಪಕ್ಕದ ಮನೀದು' ಅಂತ ಹೇಳ್ತೀವೇನು?"

"ಹೇಳಿದ್ರ ಚಲೋ ಇತ್ತು. ನಿನ್ನ ನೋಡಾಕ ಬಂದಾಗ ಕುರ್ಚಿ ನಮ್ಮವಲ್ಲ ಅಂತ ನಾನ ಹೇಳಿದ್ದೆ."

"ಅದಕ್ಕ ಮೊದಲನೇ ಸಂಬಂಧ ತಪ್ಪಿದ್ದು!"

ಈ ಸಂಗತಿ ನನಗೆ ಅಂದೇ ತಿಳಿದದ್ದು. ಅಣ್ಣತಂಗಿಯರ ಜಗಳ ಹಳೆಯ ಕುರ್ಚಿಗಳ ಮೇಲೆ ಸಾಗುತ್ತಿದ್ದಾಗ ಸೊಸೆ ಆ ಸಾಲನ್ನು ಬರೆದೇಬಿಟ್ಟಳು. ಯಾಕೆ ಬರೆದೆಯೆಂದು ಅವಳ ತಾಯಿ ಕೇಳಿದ್ದಕ್ಕೆ, "ಕೆಲಸ ಕೊಟ್ಟು ಗಿಡ ಮಾಡು ಅಂದ್ರ ಏನ್ ಮಾಡ್ಲಿ?" ಎಂದಳು.

ಶುಕ್ರವಾರ ಹನ್ನೊಂದಕ್ಕೆ ಪತ್ರ ಸಿದ್ಧವಾಗಿತ್ತು. ಕಳಿಸುವ ಮೊದಲು, ಅವರ ಕಣ್ಣಿಗೆ ಏನು ಕಾಣುತ್ತದೆಯೋ ಅದನ್ನೇ ನಾನೂ ಒಮ್ಮೆ ಕಾಣಬೇಕೆಂದು ಹಟ ಹಿಡಿದೆ. ಅದುವರೆಗೆ ನಾನು ನೋಡಿದ್ದು ಅವಳ ಲ್ಯಾಪ್‌ಟಾಪಿನ ಒಳಗಿನ ದೃಶ್ಯಗಳನ್ನು. ಜಾಲತಾಣಕ್ಕೆ ಏರಿಸಿದ ಚಿತ್ರಗಳನ್ನಲ್ಲ. ಕೊಂಡಿಯನ್ನು ನನ್ನ ಮೊಬೈಲಿನಲ್ಲಿ ತೆರೆದು, ಬಾವಿಯನ್ನು ಬೆರಳಿನಿಂದ ಹಿಗ್ಗಿಸಿದೆ. ನೀರಿನ ಮೇಲೆ ತೆಳ್ಳಗಿನ ಬಿಳಿಯ ಅಕ್ಷರಗಳು ಓರೆಯಾಗಿ ತೇಲುತ್ತಿದ್ದವು: ಅಂಗಡಿಯ ಹೆಸರು, 'ಫ್ಲೆಕ್ಸ್, ಸ್ಟಿಕ್ಕರ್, ಮದುವೆ ಕಾರ್ಡ್', 'ಪ್ರೂಫ್ ಮಾತ್ರ', ಮತ್ತು ಮಾಲೀಕನ ಫೋನ್ ನಂಬರು. ಗಿರಣಿಯ ಗೋಡೆಯ ಮೇಲೂ ಅದೇ, ಕುರಿಗಳ ಬೆನ್ನ ಮೇಲೂ ಅದೇ.

"ಇದೇನಿದು?"

ಆಕೆ ನೋಡಿದಳು. ಮತ್ತೆ ನೋಡಿದಳು. ನಿಜ ಹೇಳುತ್ತೇನೆ, ಆಕೆಗೆ ಆ ಅಕ್ಷರಗಳು ಕಾಣಲು ನಾನು ಬೆರಳಿಟ್ಟು ಓದಿ ತೋರಿಸಬೇಕಾಯಿತು. ಗಿರಾಕಿಗೆ ವಾಟ್ಸಾಪಿನಲ್ಲಿ ಕಳಿಸುವ ಮಾದರಿಯನ್ನು ಅವನು ಬೇರೆ ಅಂಗಡಿಯಲ್ಲಿ ಅಚ್ಚುಹಾಕಿಸದಿರಲೆಂದು ಈ ಮುದ್ರೆ ಒತ್ತುವುದು ಆ ವ್ಯಾಪಾರದ ರೂಢಿ. ಅಂಗಡಿಯ ಕಂಪ್ಯೂಟರಿನ ಕೀಬೋರ್ಡಿನಲ್ಲಿ ಅದಕ್ಕೊಂದು ಕೀಲಿ ಗೊತ್ತುಮಾಡಿದ್ದರು. ಒತ್ತಿದರೆ ಮುದ್ರೆ ಬಿದ್ದು ಚಿತ್ರ ಉಳಿಯುತ್ತದೆ. ನಾಲ್ಕು ವರ್ಷ ದಿನಕ್ಕೆ ಹತ್ತಾರು ಸಲ ಒತ್ತಿದ ಬೆರಳು, ತನ್ನ ಚಿತ್ರಗಳ ಅಳತೆಯನ್ನು ಅಲ್ಲಿ ಸರಿಪಡಿಸಿದ ಮೇಲೂ ಅದೇ ಕೀಲಿಯನ್ನು ಒತ್ತಿತ್ತು. ನಾಲ್ಕು ವರ್ಷ ನೋಡಿದ ಕಣ್ಣು ಅದನ್ನು ಕಾಣುವುದನ್ನೇ ಬಿಟ್ಟಿತ್ತು.

"ಹೋದ ಸಲಾನೂ ಹಿಂಗ ಕಳಿಸಿದ್ಯಾ?"

"ಹೂಂ," ಎಂದಳು.

ಹತ್ತು ನಿಮಿಷದಲ್ಲಿ ನಾವು ಅಂಗಡಿಯಲ್ಲಿದ್ದೆವು. ಮಾಲೀಕ ನಲವತ್ತರ ಆಸುಪಾಸಿನ, ಲವಲವಿಕೆಯ ಮನುಷ್ಯ. ಯಾವುದೋ ಗೃಹಪ್ರವೇಶದ ಬ್ಯಾನರನ್ನು ನೆಲದ ಮೇಲೆ ಹಾಸಿ ಅಂಚು ಕತ್ತರಿಸುತ್ತಿದ್ದ. ಸಂಗತಿ ಕೇಳಿ ಅವನಿಗೆ ಹೆಮ್ಮೆಯೇ ಆಯಿತು.

"ನಂಬರ್ ಇದ್ರ ಒಳ್ಳೇದ ಆತಲ್ರಿ ಹಿರೇರ! ಫೋನ್ ಹಚ್ಚಾಕ ಅನುಕೂಲ."

"ಯಾರರ ಹಚ್ಚಿದ್ರೇನು?" ಎಂದೆ. ಸುಮ್ಮನೆ ಕೇಳಿದ್ದಲ್ಲ; ಎಲ್ಲಿ ನಂಬರು ಇರುತ್ತದೆಯೋ ಅಲ್ಲಿ ಕರೆ ಬಂದಿರುವ ಸಾಧ್ಯತೆ ಇರುತ್ತದೆ.

ಅವನು ಕತ್ತರಿಯನ್ನು ಕಿವಿಗೆ ತಾಗಿಸಿಕೊಂಡು ಯೋಚಿಸಿದ. "ಹಾಂ, ಒಬ್ಬಾಕಿ ಹಚ್ಚಿದ್ಲರಿ. ಮೂರು ನಾಕು ತಿಂಗಳಾತು. ಇಂಗ್ಲಿಷು, ನಡುವ ಹಿಂದಿ. ಬಾವಿ ಚಿತ್ರ ನಿಮ್ಮದೇನು ಅಂದ್ಲು. ಹೌದ್ರಿ, ಎಲ್ಲಾ ನಮ್ಮ ಅಂಗಡೀದ ಡಿಸೈನು, ದೊಡ್ಡ ಟೀಮ್ ಐತಿ, ಎಷ್ಟು ಅಡಿ ಬೇಕು ಅಂದೆ."

"ಆಮ್ಯಾಲೆ?" ಸೊಸೆ ಕೇಳಿದಳು.

"ಆಮ್ಯಾಲೆ ಕಟ್ ಮಾಡಿದ್ಲು. ರೇಟ್ ಜಾಸ್ತಿ ಆತೇನೋ ಅಂತ ನಾನ ಮತ್ತ ಹಚ್ಚಿ, ಕಟ್ಟಿಗಿ ಚೌಕಟ್ಟು ಪುಕ್ಕಟೆ ಹಾಕಿಕೊಡ್ತೀವಿ ಅಂತಾನೂ ಅಂದೆ." ಅವನು ಮೊಬೈಲು ತೆಗೆದು ತೋರಿಸಿದ. ಆ ನಂಬರನ್ನು 'ಬಾವಿ ಪಾರ್ಟಿ' ಎಂದು ಉಳಿಸಿಕೊಂಡಿದ್ದ. ಸೊಸೆ ತನ್ನ ಹಳೆಯ ಇ-ಮೇಲಿನ ಅಡಿಯಲ್ಲಿದ್ದ ಸ್ಟುಡಿಯೋದ ನಂಬರಿನೊಂದಿಗೆ ಅದನ್ನು ಹೋಲಿಸಿದಳು. ಹತ್ತು ಅಂಕಿಯೂ ತಾಳೆಯಾದವು.

ಅಂದರೆ ಅವರಿಗೆ ನಮ್ಮಂಥವರು ಕಾಣದೆ ಹೋಗಿರಲಿಲ್ಲ. ಕಂಡಿದ್ದರು, ಫೋನು ಮಾಡಿ ವಿಚಾರಿಸಿದ್ದರು, ಈ ಕೆಲಸ ಅರ್ಜಿದಾರಳದ್ದಲ್ಲ, ದೊಡ್ಡ ತಂಡವೊಂದರದ್ದು ಎಂಬ ಉತ್ತರವನ್ನು ಪಡೆದು, ಚೌಕಟ್ಟಿನ ಆಮಿಷವನ್ನೂ ನಿರಾಕರಿಸಿ ಸುಮ್ಮನಾಗಿದ್ದರು.

ಸೊಸೆ ಸ್ಟೂಲಿನ ಮೇಲೆ ಕುಳಿತು ಅಳಲಾರಂಭಿಸಿದಳೆಂದು ತಿಳಿದೆ. ಹತ್ತಿರ ಹೋದರೆ ನಗುತ್ತಿದ್ದಳು. "ಕಟ್ಟಿಗಿ ಚೌಕಟ್ಟು," ಎನ್ನುತ್ತ ಮತ್ತೆ ನಕ್ಕಳು. ಮಾಲೀಕನಿಗೆ ತನ್ನಿಂದ ಏನಾಯಿತೆಂಬುದು ತಡವಾಗಿ ಹೊಳೆಯಿತು. ಅವನು ಕತ್ತರಿ ಕೆಳಗಿಟ್ಟ. "ಅಲ್ಲ ತಂಗೀ, ನೀ ಮೊದಲ ಒಂದು ಮಾತು ಹೇಳಬಾರದಿತ್ತಾ? ತಡೀ, ಈಗ ಲೆಟರ್‌ಹೆಡ್ ಮ್ಯಾಲೆ ಒಂದು ಸರ್ಟಿಫಿಕೇಟ್ ಕೊಡ್ತೀನಿ. ಶಿಕ್ಕಾ ಹೊಡದು!"

ಅವನ ಸರ್ಟಿಫಿಕೇಟು, ಈ ಕನ್ಯೆಯು ನಮ್ಮ ಅಂಗಡಿಯ ಅನರ್ಘ್ಯ ರತ್ನವೆಂದು ಆರಂಭವಾಗಿ, ಎಲ್ಲ ಬಗೆಯ ಸ್ಟಿಕ್ಕರ್ ಕೆಲಸಗಳನ್ನು ವಹಿಸಿಕೊಳ್ಳಲಾಗುವುದೆಂದು ಮುಗಿಯುತ್ತಿತ್ತು. ಅದನ್ನು ಗೌರವದಿಂದ ಮಡಿಚಿ ನನ್ನ ಜೇಬಿನಲ್ಲಿಟ್ಟುಕೊಂಡೆ.

"ಮಾತಿಗೆ ಮಾತು ಸಾಕ್ಷಿ ಆಗಂಗಿಲ್ಲ," ಎಂದು ಸೊಸೆಗೆ ಹೇಳಿದೆ. "ಮೋಟರ್ ನಾನ ಕಟ್ಟೀನಿ ಅಂದ್ರ, ಬಿಚ್ಚಿ ತೋರಸ್ತೀನಿ. ನಿನ್ನ ಬಾವಿ ಬಿಚ್ಚಾಕ ಬರ್ತತೇನು?"

ಬರುತ್ತಿತ್ತು. ಬರೀ ಬೂದುಬಣ್ಣದ ಪೆಟ್ಟಿಗೆಗಳನ್ನು ಜೋಡಿಸಿ ಜಾಗದ ಅಳತೆ ಹಿಡಿದ ಮೊದಲ ಹಂತ, ಕಲ್ಲಿನ ಮೈಯನ್ನು ಬಲೆಯಂತೆ ತೋರಿಸುವ ಗೆರೆಚಿತ್ರ, ಬಣ್ಣಗಳನ್ನೆಲ್ಲ ಬಿಡಿಸಿ ಹರಡಿದ ಹಾಳೆ, ಒಂದೇ ಕಲ್ಲಿನ ಮೂರು ರೂಪಗಳು, ಎಲ್ಲವೂ ಅವಳ ಬಳಿ ಇದ್ದವು. ಇಂಥವನ್ನು ತೋರಿಸುವುದೇ ಈ ಕಸುಬಿನ ಕ್ರಮವೆಂದು ಎಷ್ಟೋ ಕಡೆ ಓದಿದ್ದಳಂತೆ. ಆದರೆ ಅರೆಬೆಂದ ಅಡಿಗೆಯನ್ನು ಬಡಿಸಲು ನಾಚಿಕೆಯಾಗಿ ಮುಚ್ಚಿಟ್ಟಿದ್ದಳಂತೆ. ಮಾಲೀಕ ಅಂದಿನ ಕೆಲಸವನ್ನೆಲ್ಲ ತಾನೇ ನೋಡಿಕೊಂಡು ಕಂಪ್ಯೂಟರನ್ನು ಅವಳಿಗೇ ಬಿಟ್ಟುಕೊಟ್ಟ. ಮಾತ್ರವಲ್ಲ, ಆ ಕೀಲಿಯ ಮೇಲೆ ಒಂದು ಕೆಂಪು ಸ್ಟಿಕ್ಕರನ್ನೂ ಅಂಟಿಸಿದ. ನಾಲ್ಕೂವರೆಗೆ ಹಳೆಯ ಚಿತ್ರಗಳೆಲ್ಲ ಇಳಿದು, ಮುದ್ರೆಯಿಲ್ಲದ ಹೊಸವು ಏರಿದವು. ನಾನು ಒಂದೊಂದನ್ನೂ ಹಿಗ್ಗಿಸಿ, ಕುರಿಗಳ ಬೆನ್ನಿನವರೆಗೆ ನೋಡಿದೆ.

ಪತ್ರಕ್ಕೆ ಮೂರು ಸಾಲುಗಳು ಸೇರಿದವು, ಮರಗಳ ಸಾಲು ತುಸು ಬೆಳೆಯಿತು. ಅವುಗಳ ತಾತ್ಪರ್ಯ ಇಷ್ಟು: 'ಹಿಂದಿನ ಸಲದ ನನ್ನ ಚಿತ್ರಗಳ ಮೇಲೆ ನಾನು ದುಡಿಯುವ ಬ್ಯಾನರ್ ಅಂಗಡಿಯ ಮುದ್ರೆ ನನ್ನ ತಪ್ಪಿನಿಂದ ಬಿದ್ದಿತ್ತು. ನೀವು ಕರೆ ಮಾಡಿದ್ದು ಆ ಅಂಗಡಿಗೆ. ಅವರಿಗೆ ನನ್ನ ಅರ್ಜಿಯ ವಿಷಯ ತಿಳಿದಿರಲಿಲ್ಲ. ಮೂರನೆಯ ಚಿತ್ರದ ಮರಗಳನ್ನು ಬಿಟ್ಟು ಉಳಿದೆಲ್ಲವನ್ನೂ ನಾನೊಬ್ಬಳೇ ಮಾಡಿದ್ದೇನೆ, ಮಾಡಿದ ಹಂತಗಳನ್ನು ಜೊತೆಗಿಟ್ಟಿದ್ದೇನೆ.' ಐದೂ ಮುಕ್ಕಾಲಿಗೆ ಕಳಿಸಿದಳು.

ಬುಧವಾರ ಕರೆ ಬಂತು. ಮರುದಿನ ಮಧ್ಯಾಹ್ನ ವಿಡಿಯೋದಲ್ಲಿ ಮಾತನಾಡಬೇಕೆಂದರು. ಪಡಸಾಲೆಯಲ್ಲಿ ಲ್ಯಾಪ್‌ಟಾಪಿಟ್ಟು ಆಕೆ ಕುಳಿತಳು. ನಾನೂ ತಂಗಿಯೂ ಕ್ಯಾಮೆರಾಗೆ ಬೀಳದಂತೆ ಅಡುಗೆಮನೆಯ ಬಾಗಿಲ ಹಿಂದೆ ನಿಂತೆವು. ಪರದೆಯಲ್ಲಿ ಕಂಡ ಹೆಂಗಸು ಸ್ಟುಡಿಯೋದ ಕಲಾವಿಭಾಗದ ಮುಖ್ಯಸ್ಥೆ. ಆಕೆಯ ಮೊದಲ ಮಾತು, ಚೌಕಟ್ಟು ಈಗಲೂ ಪುಕ್ಕಟೆಯೇ ಎಂಬುದು. ಎರಡೂ ಕಡೆ ನಗು ಎದ್ದಿತು.

"ಏನಂದ್ಲು?" ಎಂದು ತಂಗಿ ನನ್ನನ್ನು ತಿವಿದಳು.

"ಚೌಕಟ್ಟು ಕೇಳ್ಯಾಳ."

"ಕೊಡ್ತೀವಂತ ಹೇಳಲಿ!"

ಬಾವಿಯ ದೃಶ್ಯವನ್ನು ಅಲ್ಲಿಯೇ ತೆರೆದು ತೋರಿಸಲು ಹೇಳಿದರು. ಕಲ್ಲು ಎರಡೇ ಪಕ್ಕ ಏಕೆ ಸವೆದಿದೆ ಎಂದು ಕೇಳಿದರು. ಸೊಸೆ ರಾಟೆಯ ವಿಷಯ ವಿವರಿಸಿದಳು. ನನ್ನ ತಪ್ಪು ಊಹೆಯನ್ನೂ ಸೇರಿಸಿಯೇ ಹೇಳಿದಳು, ಅದು ಅಗತ್ಯವಿರಲಿಲ್ಲ. ಆಮೇಲೆ ಕುರಿಹಟ್ಟಿಯ ನಾಲ್ಕು ಮರಗಳನ್ನು ತೆಗೆಯಲು ಹೇಳಿದರು. ತೆಗೆದಾಗ ದೃಶ್ಯ ಬೋಳಾಗಿ ನಿಂತಿತು. ಅದನ್ನು ಸ್ವಲ್ಪ ಹೊತ್ತು ನೋಡಿದ ಆ ಹೆಂಗಸು, ಪರೀಕ್ಷೆಯೆಂದು ಒಂದೇ ಕೆಲಸ ಕೊಟ್ಟಳು: ಇಲ್ಲಿಗೆ ಹೊಂದುವ ಒಂದು ಮರವನ್ನು ಒಂದು ವಾರದಲ್ಲಿ ನೀನೇ ಮಾಡು.

ತಂಗಿ ಬಾಗಿಲ ಹಿಂದೆಯೇ ನನ್ನ ತೋಳು ಚಿವುಟಿದಳು. "ಗಿಡ ನನ್ನವಲ್ಲ ಅಂತ ಬರಸಿದ್ಯಲ್ಲ, ಈಗ ನೋಡು!"

ಆ ವಾರ ಮನೆಯಲ್ಲಿ ಮರದ್ದೇ ಮಾತು. ತಂಗಿ ಮಾವು ಮಾಡೆಂದಳು, ಶುಭವೆಂದು. ಮಾಲೀಕ ತೆಂಗು ಮಾಡೆಂದ, ಬ್ಯಾನರಿನಲ್ಲಿ ಚೆನ್ನಾಗಿ ಕಾಣುತ್ತದೆಂದು. ನಾನು ಬೇವು ಎಂದೆ. ಆಕೆ ಯಾರ ಮಾತನ್ನೂ ಕೇಳಲಿಲ್ಲ. ಕೂಡ್ಲಿಗಿ ರಸ್ತೆಯ ಬದಿಗೆ ಹೋಗಿ ಎರಡು ದಿನ ಬಳ್ಳಾರಿ ಜಾಲಿಯನ್ನು ನೋಡುತ್ತ ಕುಳಿತಳು. ಯಾರೂ ನೆಡದ, ಯಾರೂ ನೀರೆರೆಯದ ಮುಳ್ಳುಗಿಡ. ಸೌದೆ ಕಡಿಯುವವರ ಕೈಗೆ ಎಟಕುವಷ್ಟು ಎತ್ತರದವರೆಗೆ ಕೆಳಗೆಲ್ಲ ಖಾಲಿ, ಅದರ ಮೇಲೆ ಗಾಳಿಗೆ ಒಂದೇ ಕಡೆ ವಾಲಿದ ಜಡೆ. ಎಲೆಗಳನ್ನು ಒಂದೊಂದಾಗಿ ಮಾಡದೆ, ಗೊಂಚಲು ಬಿಡಿಸಿದ ತೆಳು ಹಾಳೆಗಳನ್ನು ಅಡ್ಡತಿಡ್ಡವಾಗಿ ಜೋಡಿಸಿದಳು. ಕಾಂಡವನ್ನು ಇರುವುದಕ್ಕಿಂತ ಹೆಚ್ಚು ತಿರುಚಿದಳು, ಮುಳ್ಳುಗಳಲ್ಲಿ ಹತ್ತನ್ನು ಬಿಟ್ಟು ಒಂದನ್ನು ಉಳಿಸಿ ಅದನ್ನು ದಪ್ಪಮಾಡಿದಳು. ಕುರಿಹಟ್ಟಿಯಲ್ಲಿ ನಿಲ್ಲಿಸಿದಾಗ ತಂಗಿ ದೂರದಿಂದಲೇ, "ಹಾಳ್ ಜಾಲಿ! ಅದನ್ಯಾಕ ಮಾಡಿದಿ?" ಎಂದು ಬೈದಳು. ಗುರುತು ಸಿಕ್ಕಿತೆಂದು ಸೊಸೆ ಸಂತೋಷಪಟ್ಟಳು.

ಪರೀಕ್ಷೆ ಕಳಿಸಿದ ಐದನೆಯ ದಿನ ಉತ್ತರ ಬಂತು. ಮಾಲೀಕ ಅಂಗಡಿಯ ಬಾಗಿಲು ಎಳೆದು ನಮ್ಮ ಮನೆಗೇ ಬಂದುಬಿಟ್ಟಿದ್ದ. ಸೊಸೆ ಓದಿದಳು, ಲ್ಯಾಪ್‌ಟಾಪನ್ನು ತಾಯಿಯ ಕಡೆ ತಿರುಗಿಸಿದಳು, ತಾಯಿಗೆ ಇಂಗ್ಲಿಷ್ ಬಾರದೆಂಬುದು ನೆನಪಾಗಿ ನನ್ನ ಕಡೆ ತಿರುಗಿಸಿದಳು. ಕೆಲಸ ಕೊಟ್ಟಿದ್ದರು. ಮೊದಲ ಆರು ತಿಂಗಳು ಮನೆಯಿಂದಲೇ ಮಾಡಬಹುದೆಂದಿದ್ದರು. ಒಪ್ಪಿಗೆಯ ಸಹಿಯನ್ನು ಸೋಮವಾರದೊಳಗೆ ಕೇಳಿದ್ದರು. ತಂಗಿ ದೇವರ ಮುಂದೆ ದೀಪ ಹಚ್ಚಲು ಓಡಿದಳು. ಮಾಲೀಕ ಸೊಸೆಯ ತಲೆಯ ಮೇಲೆ ಕೈಯಿಟ್ಟು, ತನ್ನ ದೊಡ್ಡ ಟೀಮಿನಲ್ಲಿ ಈಗ ತಾನೊಬ್ಬನೇ ಉಳಿದೆನೆಂದು ಕಣ್ಣೊರೆಸಿಕೊಂಡ.

ನಾನು ಆ ಪತ್ರವನ್ನು ಎರಡನೆಯ ಸಲ, ಮೂರನೆಯ ಸಲ ಓದಿದೆ. ಕೊನೆಯ ಸಾಲಿನಲ್ಲಿ ಆ ಹೆಂಗಸು, ನಿಮ್ಮ ನೆಲದಲ್ಲಿ ಅನಾದಿಯಿಂದ ಬೇರೂರಿದ ಈ ಮರವನ್ನು ಇಷ್ಟು ಜೀವಂತವಾಗಿ ತಂದದ್ದು ನಮಗೆ ಮೆಚ್ಚುಗೆಯಾಯಿತು ಎಂದಿದ್ದಳು.

"ಲೇ, ಇದು ಖರೇ ಅಲ್ಲ," ಎಂದೆ. "ಜಾಲಿ ನಮ್ಮ ನೆಲದ್ದಲ್ಲ. ಹೊರದೇಶದಿಂದ ತಂದು ಬಿತ್ತಿದ್ದು. ಅನಾದಿ ಎಲ್ಲಿಂದ ಬಂತು? ಒಂದು ಸಾಲು ಬರದು ತಿಳಿಸು."

ಆಕೆ ಲ್ಯಾಪ್‌ಟಾಪನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು, ಮುಚ್ಚಿ, ಎದೆಗವಚಿಕೊಂಡಳು.

"ಬರೀತೀನಿ ಮಾಮಾ. ಸಹಿ ಮಾಡಿ ಕಳಿಸಿದ ಮ್ಯಾಲೆ ಬರೀತೀನಿ."